ಒಂದು ಲೀಟರ್ ಡಬ್ಬಿಗೆ ಎಷ್ಟು ತಗಡು?



ಗಣಿತದ ಒಂದು ವಿಷಯವನ್ನು ಕನ್ನಡದಲ್ಲಿ, ಗಣಿತದವರಲ್ಲದವರಿಗೂ ತಿಳಿಯುವಂತೆ ಹೇಳಬೇಕು ಎಂಬುದು ಈ ಉಪನ್ಯಾಸದ ದತ್ತಿಯನ್ನಿಟ್ಟವರ ಆಶಯ. ನನ್ನ ವೃತ್ತಿಜೀವನ ಕಳೆದದ್ದು ತಗಡಿನ ಡಬ್ಬಿಗಳ ನಕ್ಷೆ ಬಿಡಿಸುವುದರಲ್ಲಿ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಮೇಲೆ ಕೆಳಗೆ ಮುಚ್ಚಿದ, ದುಂಡನೆಯ ಡಬ್ಬಿಯೊಂದು ಇಂತಿಷ್ಟೇ ಪದಾರ್ಥ ಹಿಡಿಸಬೇಕು. ಅದಕ್ಕೆ ತಗಡು ಆದಷ್ಟು ಕಡಿಮೆ ಖರ್ಚಾಗಬೇಕು. ಡಬ್ಬಿಯ ವ್ಯಾಸ ಎಷ್ಟಿರಬೇಕು, ಎತ್ತರ ಎಷ್ಟಿರಬೇಕು?

ಪಿಯುಸಿಯಲ್ಲಿ ಕಲನಶಾಸ್ತ್ರ ಓದಿದವರಿಗೆ ಇದರ ಉತ್ತರ ನೆನಪಿರಬಹುದು: ಎತ್ತರವೂ ವ್ಯಾಸವೂ ಸಮನಾಗಿರಬೇಕು. ಎದುರಿನಿಂದ ನೋಡಿದರೆ ಡಬ್ಬಿ ಚೌಕವಾಗಿ ಕಾಣಬೇಕು. ಆದರೆ ಗೋರೆಗಾಂವಿನ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ರತ್ನಾಗಿರಿ ಹಾಪೂಸ್ ಮಾವಿನ ತಿರುಳಿನ 850 ಗ್ರಾಂ ಡಬ್ಬಿಯನ್ನು ಕೈಗೆತ್ತಿಕೊಳ್ಳಿ. ಅದರ ಮೈಯ ವ್ಯಾಸ 99 ಮಿಲಿಮೀಟರ್, ಎತ್ತರ 119. ವ್ಯಾಸಕ್ಕಿಂತ ಎತ್ತರ ಐದನೇ ಒಂದು ಪಾಲು ಹೆಚ್ಚು. ದೊಡ್ಡ ಅಡುಗೆಮನೆಗಳಿಗೆ, ಐಸ್‌ಕ್ರೀಮಿನವರಿಗೆ ಹೋಗುವ 3.1 ಕಿಲೋ ಡಬ್ಬಿಯನ್ನು ನೋಡಿದರೆ ಅಲ್ಲಿ ವ್ಯಾಸ 153, ಎತ್ತರ 178. ಅದೂ ಚೌಕವಲ್ಲ. ವರ್ಷಕ್ಕೆ ಲಕ್ಷಾಂತರ ಡಬ್ಬಿ ಮಾಡುವವರು ತಗಡನ್ನು ಸುಮ್ಮನೆ ಪೋಲು ಮಾಡುತ್ತಿದ್ದಾರೆಯೇ? ಇಲ್ಲ. ಹಾಗಾದರೆ ಪಠ್ಯಪುಸ್ತಕ ತಪ್ಪೇ? ಅದೂ ಅಲ್ಲ. ಈ ಎರಡರ ನಡುವಿನ ಅಂತರವೇ ನನ್ನ ಇವತ್ತಿನ ಮಾತು.

ಮೊದಲು ಪುಸ್ತಕದ ಉತ್ತರವನ್ನು ಗಟ್ಟಿಮಾಡಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಸರಿಯಾಗಿ ಒಂದು ಲೀಟರ್, ಅಂದರೆ 1000 ಘನ ಸೆಂಟಿಮೀಟರ್ ಹಿಡಿಸುವ ಡಬ್ಬಿಯನ್ನು ತೆಗೆದುಕೊಳ್ಳುತ್ತೇನೆ. ಇಲ್ಲಿ ಸ್ಥಿರವಾಗಿರುವುದು ಗಾತ್ರ, ತೂಕವಲ್ಲ. ಒಂದು ಕಿಲೋ ತುಪ್ಪಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು. ಒಂದು ಕಿಲೋ ಹಾಲಿನ ಪುಡಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಏನು ತುಂಬುತ್ತೇವೆ ಎಂಬುದು ಗೊತ್ತಾದ ಮೇಲೆಯೇ ಗಾತ್ರ ನಿಶ್ಚಯವಾಗುತ್ತದೆ. ನಮ್ಮ ಲೆಕ್ಕ ಶುರುವಾಗುವುದು ಅಲ್ಲಿಂದ ಮುಂದೆ.

ವ್ಯಾಸವನ್ನು d ಎಂದೂ ಎತ್ತರವನ್ನು h ಎಂದೂ ಗಾತ್ರವನ್ನು V ಎಂದೂ ಕರೆಯೋಣ. ಮುಚ್ಚಳ ಮತ್ತು ತಳ ಸೇರಿ ಬೇಕಾಗುವ ತಗಡು πd²/2. ಸುತ್ತಲ ಗೋಡೆಗೆ ಬೇಕಾಗುವುದು πdh. ಗಾತ್ರ ಸ್ಥಿರವಾಗಿರುವುದರಿಂದ ಗೋಡೆಯ ಲೆಕ್ಕವನ್ನು 4V/d ಎಂದೂ ಬರೆಯಬಹುದು. ವ್ಯಾಸ ಹೆಚ್ಚಿಸಿದರೆ ಮುಚ್ಚಳಗಳು ಬೆಳೆಯುತ್ತವೆ, ಗೋಡೆ ಕುಗ್ಗುತ್ತದೆ. ಇಳಿಸಿದರೆ ಗೋಡೆ ಬೆಳೆಯುತ್ತದೆ, ಮುಚ್ಚಳ ಕುಗ್ಗುತ್ತದೆ. ಇಲ್ಲಿ ಅವಕಲನ ಮಾಡದೆಯೂ ಉತ್ತರ ಕಾಣುವ ದಾರಿಯೊಂದಿದೆ. ಗೋಡೆಯನ್ನು ಮನಸ್ಸಿನಲ್ಲೇ ಎರಡು ಸಮಪಾಲು ಮಾಡಿ. ಆಗ ಒಟ್ಟು ತಗಡು ಮೂರು ತುಂಡುಗಳ ಮೊತ್ತವಾಗುತ್ತದೆ: ಮುಚ್ಚಳ-ತಳ ಒಂದು, ಅರ್ಧ ಗೋಡೆ ಒಂದು, ಉಳಿದರ್ಧ ಗೋಡೆ ಇನ್ನೊಂದು. ಈ ಮೂರನ್ನು ಗುಣಿಸಿದರೆ d ಹೊಡೆದುಹೋಗಿ 2πV² ಉಳಿಯುತ್ತದೆ. ವ್ಯಾಸವನ್ನು ಏನೇ ಬದಲಿಸಿದರೂ ಗುಣಲಬ್ಧ ಅಷ್ಟೇ. ಗುಣಲಬ್ಧ ಬದಲಾಗದ ಮೂರು ಸಂಖ್ಯೆಗಳ ಮೊತ್ತ ಅತಿ ಕಡಿಮೆಯಾಗುವುದು ಮೂರೂ ಸಮನಾದಾಗ. ಅಂದರೆ ಮುಚ್ಚಳ-ತಳಕ್ಕೆ ಒಂದು ಪಾಲು, ಗೋಡೆಗೆ ಎರಡು ಪಾಲು. ಇದನ್ನು ಬಿಡಿಸಿದರೆ h = d ಎಂದು ಬರುತ್ತದೆ.

ಒಂದು ಪಾಲಿಗೆ ಎರಡು ಪಾಲು ಎಂಬ ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಎತ್ತರ ವ್ಯಾಸಕ್ಕೆ ಸಮ ಎಂಬ ಸೂತ್ರ ಮುಂದೆ ಬಿದ್ದುಹೋಗುತ್ತದೆ, ಆದರೆ ಈ ಮಾತು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ತರಗತಿಯಲ್ಲಿ ಮೊದಲು ಕಲಿಸಬೇಕಾದದ್ದು ಇದನ್ನು.

ಒಂದು ಲೀಟರಿಗೆ ಹೀಗೆ ಬರುವ ವ್ಯಾಸ 10.84 ಸೆಂಟಿಮೀಟರ್, ಎತ್ತರವೂ 10.84. ತಗಡು 553.6 ಚದರ ಸೆಂಟಿಮೀಟರ್. ಇದಕ್ಕಿಂತ ಕಡಿಮೆ ಮೇಲ್ಮೈಯಲ್ಲಿ ಒಂದು ಲೀಟರಿನ ದುಂಡು ಡಬ್ಬಿ ಸಾಧ್ಯವಿಲ್ಲ.

ಈಗ ಮಾವಿನ ಡಬ್ಬಿಯ ಹಾಗೆ ಎತ್ತರವನ್ನು ವ್ಯಾಸದ 1.2 ಪಟ್ಟು ಮಾಡಿ ಇದೇ ಒಂದು ಲೀಟರನ್ನು ತುಂಬಿಸೋಣ. ಎಷ್ಟು ತಗಡು ಹೆಚ್ಚು ಬೇಕಾದೀತು? ಸಭೆಯಲ್ಲಿ ಕೇಳಿದರೆ ಐದು ಪ್ರತಿಶತ, ಹತ್ತು ಪ್ರತಿಶತ ಎಂಬ ಊಹೆಗಳು ಬರುತ್ತವೆ. ಲೆಕ್ಕ ಮಾಡಿದರೆ ಬರುವುದು ಪ್ರತಿಶತ 0.4ಕ್ಕೂ ಕಡಿಮೆ, ಅಂದರೆ ಸುಮಾರು 2 ಚದರ ಸೆಂಟಿಮೀಟರ್. ಅನುಪಾತವನ್ನು 1.5ಕ್ಕೆ ಏರಿಸಿದರೂ ಹೆಚ್ಚುವ ಖರ್ಚು ಪ್ರತಿಶತ 2ರ ಒಳಗೆ. ಎತ್ತರ ವ್ಯಾಸದ ಎರಡು ಪಟ್ಟಾಗಿ ಡಬ್ಬಿ ಕಣ್ಣಿಗೆ ಉದ್ದವೆಂದು ಕಾಣುವ ಹೊತ್ತಿಗೆ ಪ್ರತಿಶತ 5.

ಇದು ಡಬ್ಬಿಗೆ ಮಾತ್ರ ಸೇರಿದ ಗುಣವಲ್ಲ. ಯಾವ ಪ್ರಮಾಣವೇ ಆಗಲಿ, ನಯವಾಗಿ ಏರಿಳಿದು ತನ್ನ ಕನಿಷ್ಠಕ್ಕೋ ಗರಿಷ್ಠಕ್ಕೋ ಬಂದಾಗ ಆ ಜಾಗದಲ್ಲಿ ರೇಖೆ ಚಪ್ಪಟೆಯಾಗಿರುತ್ತದೆ; ಆಚೀಚೆ ಸ್ವಲ್ಪ ಸರಿದರೆ ಬೆಲೆ ಬದಲಾದದ್ದೇ ತಿಳಿಯುವುದಿಲ್ಲ. ಇದನ್ನು ಸ್ಪಷ್ಟವಾಗಿ ಗುರುತಿಸಿದ ಮೊದಲಿಗರಲ್ಲಿ ಒಬ್ಬ ಯೋಹಾನ್ಸ್ ಕೆಪ್ಲರ್. ಗ್ರಹಗಳ ಚಲನೆಯ ನಿಯಮಗಳಿಂದ ಹೆಸರಾದ ಅದೇ ಕೆಪ್ಲರ್. 1613ರಲ್ಲಿ ಆಸ್ಟ್ರಿಯದ ಲಿಂಟ್ಸ್ ಊರಿನಲ್ಲಿ ತನ್ನ ಎರಡನೆಯ ಮದುವೆಯ ಸುಮಾರಿಗೆ ಅವನು ವೈನ್ ಪೀಪಾಯಿಗಳನ್ನು ಕೊಂಡ. ವ್ಯಾಪಾರಿ ಪೀಪಾಯಿಯ ತೂತಿನೊಳಗೆ ಓರೆಯಾಗಿ ಒಂದು ಅಳತೆಕೋಲು ಇಳಿಸಿ, ಅದು ಎಷ್ಟು ಉದ್ದ ಒಳಹೋಯಿತು ಎಂಬುದರ ಮೇಲೆ ಬೆಲೆ ಹೇಳಿದ. ಪೀಪಾಯಿಯ ಆಕಾರವನ್ನೇ ಕೇಳದೆ ಬರೀ ಕೋಲಿನಿಂದ ಗಾತ್ರ ಹೇಗೆ ಗೊತ್ತಾಗುತ್ತದೆ ಎಂದು ಕೆಪ್ಲರ್‌ಗೆ ಅನುಮಾನ ಬಂತು. 1615ರಲ್ಲಿ ಪೀಪಾಯಿಗಳ ಗಾತ್ರದ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ಆಸ್ಟ್ರಿಯದ ಪೀಪಾಯಿಗಳು ಆ ಅಳತೆಕೋಲಿಗೆ ಹೆಚ್ಚುಕಡಿಮೆ ಗರಿಷ್ಠ ಗಾತ್ರ ಕೊಡುವ ಆಕಾರದಲ್ಲೇ ಇದ್ದವು. ಗರಿಷ್ಠದ ಹತ್ತಿರ ಆಕಾರ ಅಲ್ಪಸ್ವಲ್ಪ ಬದಲಾದರೂ ಗಾತ್ರ ಗಮನಕ್ಕೆ ಬರುವಷ್ಟು ತಗ್ಗುವುದಿಲ್ಲ ಎಂದು ಅವನು ಅಲ್ಲಿ ತೋರಿಸಿದ. ವ್ಯಾಪಾರಿಯ ಕೋಲು ಮೋಸ ಮಾಡದೆ ಇದ್ದದ್ದು ಇದರಿಂದ.

ಡಬ್ಬಿ ಮಾಡುವವನಿಗೆ ಇದರ ಅರ್ಥವಿಷ್ಟು. ಚೌಕದ ಹತ್ತಿರ ಎಲ್ಲಿದ್ದರೂ ಮೇಲ್ಮೈಯ ಲೆಕ್ಕದಲ್ಲಿ ಅವನಿಗೆ ನಷ್ಟವಿಲ್ಲ. ಆದ್ದರಿಂದ ಆಕಾರವನ್ನು ನಿರ್ಧರಿಸಲು ಬೇರೆ ಕಾರಣಗಳಿಗೆ ದಾರಿ ತೆರೆದುಕೊಳ್ಳುತ್ತದೆ. ಅವುಗಳಲ್ಲಿ ದೊಡ್ಡದು ಯಾವುದೆಂದರೆ, ಅವನು ಕೊಳ್ಳುವುದು ಮೇಲ್ಮೈಯನ್ನಲ್ಲ, ಹಾಳೆಯನ್ನು.

ತವರ ಲೇಪಿಸಿದ ಉಕ್ಕಿನ ತಗಡು ಕಾರ್ಖಾನೆಗೆ ಬರುವುದು ಸುರುಳಿಯಾಗಿ ಅಥವಾ ಆಯತಾಕಾರದ ಹಾಳೆಗಳಾಗಿ. ಗೋಡೆಯನ್ನು ಬಿಡಿಸಿ ಹಾಸಿದರೆ ಅದೂ ಆಯತವೇ, ಹಾಗಾಗಿ ಅದನ್ನು ಒಂದಕ್ಕೊಂದು ತಾಗಿಸಿ ಕತ್ತರಿಸಬಹುದು, ಏನೂ ಉಳಿಯುವುದಿಲ್ಲ. ಮುಚ್ಚಳ ದುಂಡು. ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ಪೂರಿ ತೆಗೆದಾಗ ನಡುವೆ ಮೂಲೆಗಳು ಉಳಿಯುವಂತೆ ಇಲ್ಲೂ ಮೂಲೆಗಳು ಉಳಿಯುತ್ತವೆ. ಹಿಟ್ಟನ್ನು ಮತ್ತೆ ನಾದಿ ಲಟ್ಟಿಸಬಹುದು, ತಗಡನ್ನು ಆಗದು. ಒಂದೊಂದು ಮುಚ್ಚಳಕ್ಕೂ ಒಂದೊಂದು ಚೌಕ ಹಾಳೆ ಖರ್ಚಾಯಿತು ಎಂದುಕೊಂಡರೆ ಚೌಕದ ಪ್ರತಿಶತ 21.5 ಭಾಗ ಮೂಲೆಗಳಲ್ಲೇ ಹೋಗುತ್ತದೆ.

ಈಗ ಲೆಕ್ಕವನ್ನು ಹೊಸದಾಗಿ ಮಾಡೋಣ. ಮುಚ್ಚಳ-ತಳಕ್ಕೆ ಬೇಕಾದ ಹಾಳೆ 2d², ಗೋಡೆಗೆ ಮೊದಲಿನಂತೆ 4V/d. ಮೂರು ತುಂಡುಗಳ ವಾದ ಇಲ್ಲೂ ನಡೆಯುತ್ತದೆ, ಏಕೆಂದರೆ ಮುಚ್ಚಳದ ಖರ್ಚು ಈಗಲೂ ವ್ಯಾಸದ ವರ್ಗಕ್ಕೆ ಅನುಗುಣವಾಗಿಯೇ ಇದೆ, ಗುಣಿಸುವ ಅಂಕಿ ಮಾತ್ರ ಬೇರೆ. ಒಂದು ಪಾಲಿಗೆ ಎರಡು ಪಾಲು ಎಂಬ ನಿಯಮ ಹಾಗೇ ನಿಲ್ಲುತ್ತದೆ. ಅದರಿಂದ ಬರುವ ಉತ್ತರ ಬಹಳ ಚೆಂದ: ಒಂದು ಲೀಟರ್ ಡಬ್ಬಿಯ ವ್ಯಾಸ ಸರಿಯಾಗಿ 10 ಸೆಂಟಿಮೀಟರ್, ಎತ್ತರ 12.73. ಮುಚ್ಚಳಕ್ಕೆ 100 ಚದರ ಸೆಂಟಿಮೀಟರ್ ಹಾಳೆ, ತಳಕ್ಕೆ 100, ಗೋಡೆಗೆ 400. ಒಟ್ಟು 600. ಪುಸ್ತಕದ 10.84ರ ಡಬ್ಬಿಯನ್ನು ಇದೇ ರೀತಿ ಕತ್ತರಿಸಿದರೆ 604 ಬೇಕಾಗುತ್ತದೆ.

ಎತ್ತರ ವ್ಯಾಸದ 1.27 ಪಟ್ಟಾಯಿತು. ಮಾವಿನ ಡಬ್ಬಿ ಏಕೆ ಚೌಕವಲ್ಲ ಎಂಬುದರ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಆದರೆ ಉಳಿತಾಯವನ್ನೂ ನೋಡಿ: ಆಕಾರ ಬದಲಿಸಿದ್ದರಿಂದ ಉಳಿದದ್ದು 4 ಚದರ ಸೆಂಟಿಮೀಟರ್, ಪ್ರತಿಶತ ಒಂದಕ್ಕೂ ಕಡಿಮೆ. ಮೂಲೆಗಳಲ್ಲಿ ಹೋಗುತ್ತಿರುವುದು 43. ಯಾವುದರ ಹಿಂದೆ ಓಡಬೇಕು ಎಂಬುದು ಸ್ಪಷ್ಟ.

ಮುಚ್ಚಳಗಳನ್ನು ಸಾಲಾಗಿ ಒಂದರ ಕೆಳಗೊಂದು ಇಡುವ ಬದಲು, ಎರಡನೆಯ ಸಾಲನ್ನು ಅರ್ಧ ಮುಚ್ಚಳದಷ್ಟು ಸರಿಸಿ ಮೊದಲ ಸಾಲಿನ ಸಂದುಗಳಿಗೆ ಒತ್ತಿ ಇಟ್ಟರೆ ಸಾಲುಗಳು ಹತ್ತಿರ ಬರುತ್ತವೆ. ಆಗ ಒಂದೊಂದು ಮುಚ್ಚಳವೂ ಒಂದೊಂದು ಷಡ್ಭುಜವನ್ನು ತಿನ್ನುತ್ತದೆ, ಪೋಲಾಗುವುದು ಪ್ರತಿಶತ 9.3 ಮಾತ್ರ. ಒಂದು ಲೀಟರಿಗೆ ಉತ್ತಮ ವ್ಯಾಸ 10.49, ಎತ್ತರ 11.57, ಹಾಳೆ 572. ಚೌಕಗಳ 600ಕ್ಕೆ ಹೋಲಿಸಿದರೆ 28 ಚದರ ಸೆಂಟಿಮೀಟರ್ ಉಳಿಯಿತು. ಆಕಾರದಿಂದ ಉಳಿದದ್ದರ ಏಳು ಪಟ್ಟು. ದೊಡ್ಡ ಡಬ್ಬಿ ಕಾರ್ಖಾನೆಗಳಲ್ಲಿ ಹಾಳೆಯನ್ನು ನೇರ ಅಂಚಿನ ಪಟ್ಟಿಗಳಾಗಿ ಕತ್ತರಿಸದೆ, ಮುಚ್ಚಳದ ವಕ್ರವನ್ನೇ ಅನುಸರಿಸುವ ಅಲೆ ಅಂಚಿನ ಪಟ್ಟಿಗಳಾಗಿ ಕತ್ತರಿಸುವ ಯಂತ್ರವಿರುತ್ತದೆ. ಪಕ್ಕದ ಪಟ್ಟಿಯ ಉಬ್ಬು ಈ ಪಟ್ಟಿಯ ತಗ್ಗಿಗೆ ಕೂರುತ್ತದೆ. ಆ ಯಂತ್ರ ದುಡಿದು ಕೊಡುವುದು ಈ 28ನ್ನು.

ಇಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಉಳಿದ ಮೂಲೆಗಳನ್ನು ಯಾರೂ ಚೆಲ್ಲುವುದಿಲ್ಲ, ಭಂಗಾರಿಗೆ ಹಾಕುತ್ತಾರೆ, ಅದಕ್ಕೆ ಬೆಲೆ ಬರುತ್ತದೆ. ಹಾಳೆಯ ಬೆಲೆಯ ಕಾಲು ಭಾಗ ಭಂಗಾರಿನಿಂದ ವಾಪಸು ಬಂದರೆ ಪೋಲಿನ ಲೆಕ್ಕದಲ್ಲೂ ಕಾಲು ಭಾಗ ಕಳೆಯಬೇಕು, ಉತ್ತಮ ಆಕಾರ ಅಷ್ಟು ಮಟ್ಟಿಗೆ ಮತ್ತೆ ಚೌಕದ ಕಡೆ ಸರಿಯುತ್ತದೆ.

ಮುಂದಿನ ವಿಷಯ ಮಡಿಕೆ. ಇಲ್ಲಿಯವರೆಗೆ ಮುಚ್ಚಳ ಗೋಡೆಯ ಅಂಚಿಗೆ ಸುಮ್ಮನೆ ಕೂತಿದೆ ಎಂದುಕೊಂಡೆವು. ನಿಜವಾದ ಡಬ್ಬಿಯಲ್ಲಿ ಗೋಡೆಯ ಅಂಚನ್ನು ಹೊರಕ್ಕೆ ಬಗ್ಗಿಸಿ, ಮುಚ್ಚಳದ ಅಂಚನ್ನು ಅದರ ಮೇಲೆ ಸುತ್ತಿ, ಎರಡನ್ನೂ ಸೇರಿಸಿ ಒಳಕ್ಕೆ ಮಡಿಚಿ ಒತ್ತುತ್ತಾರೆ. ತುದಿಯನ್ನು ಕತ್ತರಿಸಿ ನೋಡಿದರೆ ಮುಚ್ಚಳದ ಮೂರು ಪದರ, ಗೋಡೆಯ ಎರಡು ಪದರ, ಹೀಗೆ ಐದು ಪದರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಮಾವಿನ ಡಬ್ಬಿಯನ್ನು ಉದ್ದಿಮೆಯವರು 401 × 411 ಎಂದು ಕರೆಯುವುದರಲ್ಲೂ ಈ ಮಡಿಕೆ ಅಡಗಿದೆ. ಮೊದಲ ಅಂಕಿ ಇಂಚು, ಉಳಿದೆರಡು ಇಂಚಿನ ಹದಿನಾರನೇ ಭಾಗಗಳು. 401 ಎಂದರೆ 4 ಇಂಚು ಮತ್ತು ಹದಿನಾರನೇ ಒಂದು, ಅಂದರೆ 103 ಮಿಲಿಮೀಟರ್. ಅದು ಮಡಿಕೆಯ ಹೊರ ಅಳತೆ. 99 ಎಂಬುದು ಮೈಯ ವ್ಯಾಸ. ಇನ್ನೂ ಒಂದು ಪರೀಕ್ಷೆ ಮಾಡಬಹುದು. 99 ಮತ್ತು 119ರಿಂದ ಗಾತ್ರ ಕಂಡುಹಿಡಿದರೆ 916 ಮಿಲಿಲೀಟರ್ ಬರುತ್ತದೆ, ಡಬ್ಬಿ ಹಿಡಿಸುವುದು 850. ಕಳೆದುಹೋದ 66 ಮಿಲಿಲೀಟರ್ ಎಲ್ಲಿದೆ ಎಂದರೆ, ಮುಚ್ಚಳವೂ ತಳವೂ ಮಡಿಕೆಯ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗೆ ತಗ್ಗಿ ಕೂತಿರುವುದರಲ್ಲಿ.

ಹಾಗಾದರೆ ಮುಚ್ಚಳಕ್ಕೆ ಕತ್ತರಿಸುವ ತಟ್ಟೆ ಡಬ್ಬಿಯ ವ್ಯಾಸಕ್ಕಿಂತ ದೊಡ್ಡದಿರಬೇಕು. ಲೆಕ್ಕಕ್ಕೆ 1.5 ಸೆಂಟಿಮೀಟರ್ ಹೆಚ್ಚೆಂದು ಇಟ್ಟುಕೊಳ್ಳೋಣ, ಎರಡು ತಟ್ಟೆಗಳ ನಡುವೆ ಅಚ್ಚು ಕತ್ತರಿಸಲು ಬೇಕಾದ ಒಂದು ಮಿಲಿಮೀಟರ್ ಅದರಲ್ಲೇ ಸೇರಿದೆ. ಗೋಡೆಯ ಎತ್ತರಕ್ಕೆ 0.5 ಸೆಂಟಿಮೀಟರ್ ಸೇರಿಸೋಣ, ಪಕ್ಕದ ಬೆಸುಗೆಗೆ ಒಂದು ಮಿಲಿಮೀಟರ್. ಹಿಂದೆ ಪಕ್ಕದ ಅಂಚುಗಳನ್ನು ಕೊಂಡಿ ಹಾಕಿ ಬೆಸೆಯುತ್ತಿದ್ದಾಗ ಅಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ತಗಡು ಹೋಗುತ್ತಿತ್ತು; ಈಗಿನ ವಿದ್ಯುತ್ ಬೆಸುಗೆಗೆ ಅಂಚುಗಳು ಕೂದಲೆಳೆಯಷ್ಟು ಒಂದರ ಮೇಲೊಂದು ಕೂತರೆ ಸಾಕು. ಹೀಗೆ ಎಲ್ಲವನ್ನೂ ಸೇರಿಸಿ, ಚೌಕ ಸಾಲುಗಳಲ್ಲಿ ಕತ್ತರಿಸಿದರೆ, 10 ಸೆಂಟಿಮೀಟರ್ ವ್ಯಾಸದ ಡಬ್ಬಿಗೆ 681.5 ಚದರ ಸೆಂಟಿಮೀಟರ್ ಬೇಕು. ಪುಸ್ತಕದ 10.84ರ ಡಬ್ಬಿಗೆ 692. ಅತಿ ಕಡಿಮೆ ಖರ್ಚಿನ ವ್ಯಾಸ 9.4ರಿಂದ 9.5ರ ನಡುವೆ, ಖರ್ಚು 679.4. ಎತ್ತರ ಆಗ ವ್ಯಾಸದ ಒಂದೂವರೆ ಪಟ್ಟು.

ಮಡಿಕೆ ಡಬ್ಬಿಯನ್ನು ಏಕೆ ಉದ್ದ ಮಾಡುತ್ತದೆ? ಮಡಿಕೆಗೆ ಹೋಗುವ ತಗಡು ಮುಚ್ಚಳದ ಸುತ್ತಳತೆಗೆ ಅನುಗುಣ. ಸುತ್ತಳತೆ ಇಳಿಸಿದರೆ ಅದೂ ಇಳಿಯುತ್ತದೆ, ಅದಕ್ಕಾಗಿ ಗೋಡೆ ಸ್ವಲ್ಪ ಬೆಳೆದರೂ ಲಾಭವೇ. ಒಂದು ಪಾಲಿಗೆ ಎರಡು ಪಾಲು ಎಂಬ ನಿಯಮವೂ ಇಲ್ಲಿ ಸ್ವಲ್ಪ ಸಡಿಲುತ್ತದೆ: ಮುಚ್ಚಳ-ತಳಕ್ಕೆ 240, ಗೋಡೆಗೆ 440 ಬರುತ್ತದೆ. ಆದರೂ ಕಾರ್ಖಾನೆಯ ನೆಲದ ಮೇಲೆ ನಿಂತವರಿಗೆ ಅದು ಒಳ್ಳೆಯ ಒರೆಗಲ್ಲು. ಒಂದು ದಿನದಲ್ಲಿ ಮುಚ್ಚಳಗಳಿಗೆ ಹೋದ ಹಾಳೆಯ ತೂಕ ಮತ್ತು ಗೋಡೆಗಳಿಗೆ ಹೋದ ಹಾಳೆಯ ತೂಕ ನೋಡಿ. ಗೋಡೆಯದ್ದು ಎರಡರಷ್ಟರ ಹತ್ತಿರ ಇದ್ದರೆ ಆಕಾರದಲ್ಲಿ ಗಿಟ್ಟಿಸಬೇಕಾದದ್ದು ಬಹಳ ಉಳಿದಿಲ್ಲ. ಎರಡೂ ಸಮನಾಗಿದ್ದರೆ ಡಬ್ಬಿ ಬೇಕಾದದ್ದಕ್ಕಿಂತ ಕುಳ್ಳಾಗಿದೆ.

ಇಷ್ಟರ ಮೇಲೆ ಕಲನಶಾಸ್ತ್ರ ಹೇಳಿದ 9.4ನ್ನೇ ಮಾಡೋಣ ಎಂದು ಹೊರಟರೆ ಏನಾಗುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ನೋಡೋಣ. ಗೋರೆಗಾಂವಿನ ಸೋನಾವಾಲಾ ರಸ್ತೆಯ ಕಡೆ ಇರುವಂಥ ಸಣ್ಣ ಗಾಲಾ ಒಂದರಲ್ಲಿ 95 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಹಾಳೆಗಳ ದಾಸ್ತಾನು ಇದೆ ಎಂದು ಊಹಿಸಿಕೊಳ್ಳಿ. 10 ಸೆಂಟಿಮೀಟರ್ ವ್ಯಾಸದ ಡಬ್ಬಿಯ ಗೋಡೆಗೆ 31.5 ಉದ್ದ, 13.23 ಅಗಲದ ತುಂಡು ಬೇಕು. ಉದ್ದಕ್ಕೆ ಮೂರು ಇಟ್ಟರೆ 94.5, ಅಗಲಕ್ಕೆ ಆರು ಇಟ್ಟರೆ 79.4. ಹಾಳೆಗೆ 18 ಗೋಡೆಗಳು, ಅಂಚಿನಲ್ಲಿ ಬೆರಳಷ್ಟೂ ಉಳಿಯಲಿಲ್ಲ. ಈಗ 9.4ರ ಡಬ್ಬಿ. ಅದರ ಗೋಡೆ 29.6 ಉದ್ದ, 14.9 ಅಗಲ. ಉದ್ದಕ್ಕೆ ಮೂರೇ ಹಿಡಿಸುತ್ತವೆ, ಅಗಲಕ್ಕೆ ಐದು ಮಾತ್ರ. ಹಾಳೆಗೆ 15. ಅಡ್ಡ ತಿರುಗಿಸಿದರೆ 12ಕ್ಕೆ ಇಳಿಯುತ್ತದೆ. ಒಂದೊಂದು ಗೋಡೆಗೆ ಖರ್ಚಾದ ಹಾಳೆ 422ರಿಂದ 507ಕ್ಕೆ ಏರಿತು. ಕಾಗದದ ಮೇಲೆ 2 ಚದರ ಸೆಂಟಿಮೀಟರ್ ಉಳಿಸಲು ಹೋಗಿ ಹಾಳೆಯ ಮೇಲೆ 84 ಕಳೆದುಕೊಂಡೆವು.

ಡಬ್ಬಿಯ ವ್ಯಾಸ ನಿರಂತರವಾಗಿ ಬದಲಾಗಬಹುದು, ಹಾಳೆಗೆ ಎಷ್ಟು ತುಂಡು ಎಂಬುದು ಮಾತ್ರ ಪೂರ್ಣಾಂಕ. ಅದು ಒಂದೊಂದೇ ಮೆಟ್ಟಿಲಾಗಿ ಬೀಳುತ್ತದೆ. ಹೀಗಾಗಿ ಚಪ್ಪಟೆಯಾದ ತಳದಲ್ಲಿ ಅತ್ಯುತ್ತಮ ಬಿಂದುವನ್ನು ಹುಡುಕುವುದಕ್ಕಿಂತ, ಆ ತಳದ ಒಳಗೇ ಹಾಳೆಗೆ ಸರಿಯಾಗಿ ಕೂರುವ ಅಳತೆಯನ್ನು ಹುಡುಕುವುದು ಬುದ್ಧಿವಂತಿಕೆ. ಸುರುಳಿಯಾಗಿ ತಗಡು ತರಿಸುವ ದೊಡ್ಡ ಕಾರ್ಖಾನೆ ಇದನ್ನು ತಿರುಗಿಸಿ ಮಾಡುತ್ತದೆ. ಡಬ್ಬಿಯ ಅಳತೆ ಮೊದಲು ನಿಶ್ಚಯಿಸಿ, ಅದರ ಪೂರ್ಣ ಗುಣಕಕ್ಕೆ ಹೊಂದುವ ಅಗಲದ ಸುರುಳಿಯನ್ನು ಉಕ್ಕಿನ ಗಿರಣಿಯಿಂದ ತರಿಸಿಕೊಳ್ಳುತ್ತದೆ. ಸಣ್ಣವರಿಗೆ ಆ ಸೌಕರ್ಯವಿಲ್ಲ, ಸಿಕ್ಕಿದ ಹಾಳೆಗೆ ಡಬ್ಬಿಯನ್ನು ಹೊಂದಿಸಬೇಕು.

ಅದೇ ಹಾಳೆಯಲ್ಲಿ ಮುಚ್ಚಳಗಳನ್ನೂ ನೋಡಿಬಿಡೋಣ. 10 ಸೆಂಟಿಮೀಟರ್ ಡಬ್ಬಿಗೆ ತಟ್ಟೆ 11.5. ನೇರ ಸಾಲಿನಲ್ಲಿ ಉದ್ದಕ್ಕೆ ಎಂಟು, ಅಗಲಕ್ಕೆ ಆರು, ಒಟ್ಟು 48. ಸಾಲುಗಳನ್ನು ಅರ್ಧರ್ಧ ಸರಿಸಿ ಇಟ್ಟರೆ ಎಷ್ಟು? ಉದ್ದಕ್ಕೆ ಸಾಲು ಹಾಕಿದರೆ ಸರಿದ ಸಾಲಿನಲ್ಲಿ ಎಂಟನೆಯದು ಹಾಳೆಯಿಂದ ಹೊರಗೆ ಹೋಗುತ್ತದೆ, ಎಂಟು ಏಳು ಎಂಟು ಏಳು ಎಂದು ಏಳು ಸಾಲುಗಳಿಗೆ 53 ಬರುತ್ತವೆ. ಅಗಲಕ್ಕೆ ಸಾಲು ಹಾಕಿದರೆ ಸರಿದ ಸಾಲಿನಲ್ಲೂ ಆರು ಪೂರ್ತಿ ಕೂರುತ್ತವೆ, ಒಂಬತ್ತು ಸಾಲು, 54. ಇಲ್ಲಿ ಕಲನಶಾಸ್ತ್ರವೇ ಇಲ್ಲ, ಕಾಗದದ ಬಿಲ್ಲೆಗಳನ್ನು ಹರಡಿ ನೋಡಿದರೂ ತಿಳಿಯುವ ಉತ್ತರ. ಆದರೆ 48ರ ಬದಲು 54 ಎಂದರೆ ಒಂದು ಡಬ್ಬಿಗೆ 35 ಚದರ ಸೆಂಟಿಮೀಟರ್ ಉಳಿತಾಯ. ತಗಡು 0.2 ಮಿಲಿಮೀಟರ್ ದಪ್ಪವಿದ್ದರೆ ಒಂದು ಲಕ್ಷ ಡಬ್ಬಿಗೆ ಸುಮಾರು 550 ಕಿಲೋ ಉಕ್ಕು.

ದಪ್ಪದ ಮಾತು ಬಂತು. ಇಲ್ಲಿಯವರೆಗೆ ಚದರ ಸೆಂಟಿಮೀಟರುಗಳನ್ನೇ ಎಣಿಸಿದೆವು, ಆದರೆ ತಗಡನ್ನು ತೂಕಕ್ಕೆ ಕೊಳ್ಳುತ್ತಾರೆ. ಗೋಡೆಗೂ ಮುಚ್ಚಳಕ್ಕೂ ಒಂದೇ ದಪ್ಪ ಇರಬೇಕೆಂದೇನೂ ಇಲ್ಲ. ಮುಚ್ಚಳ ಎರಡರಷ್ಟು ದಪ್ಪವಾದರೆ, ಮೂಲೆಗಳ ಪೋಲನ್ನು ಬಿಟ್ಟು ಮಾಡಿದ ಲೆಕ್ಕದಲ್ಲಿ, ಉತ್ತಮ ಎತ್ತರ ವ್ಯಾಸದ ಎರಡರಷ್ಟಾಗುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನು ಉದ್ದವಾಗಿದ್ದು ಕತ್ತು ಸಣ್ಣಗಾಗಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು: ಒಳಗಿನ ಅನಿಲದ ಒತ್ತಡಕ್ಕೆ ಗೋಡೆ ಬಹಳ ತೆಳ್ಳಗಿದ್ದರೂ ನಡೆಯುತ್ತದೆ, ಚಪ್ಪಟೆ ಮುಚ್ಚಳ ದಪ್ಪಗಿರಲೇಬೇಕು, ಹಾಗಾಗಿ ಮುಚ್ಚಳವನ್ನು ಆದಷ್ಟು ಚಿಕ್ಕದು ಮಾಡುತ್ತಾರೆ.

ಮಾವಿನ ಡಬ್ಬಿಯ ಕಷ್ಟ ಇದಕ್ಕೆ ತದ್ವಿರುದ್ಧ. ತಿರುಳನ್ನು ಬಿಸಿಯಾಗಿಯೇ ತುಂಬಿ ಮುಚ್ಚುತ್ತಾರೆ. ತಣಿದಾಗ ಒಳಗಿನ ಆವಿ ನೀರಾಗಿ ಒತ್ತಡ ಬೀಳುತ್ತದೆ, ಹೊರಗಿನ ಗಾಳಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಗೋಡೆ ತೀರ ತೆಳ್ಳಗಿದ್ದರೆ ಒಂದು ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಚಪ್ಪಟೆಯಾದ ತಗ್ಗು ಬೀಳುತ್ತದೆ. ಅಂಗಡಿಯಲ್ಲಿ ಇಂಥ ಡಬ್ಬಿ ಕಂಡರೆ ಬಿದ್ದು ನೆಗ್ಗಿದ್ದರೊಂದಿಗೆ ಅದನ್ನು ಗೊಂದಲ ಮಾಡಿಕೊಳ್ಳಬಾರದು. ಬಿದ್ದ ಏಟಿಗೆ ಚೂಪಾದ ಮಡಿಕೆ ಇರುತ್ತದೆ, ಇದರಲ್ಲಿ ಹಲಗೆಯಂಥ ನುಣುಪು ಮುಖ. ದಪ್ಪವನ್ನು 0.20ರಿಂದ 0.18ಕ್ಕೆ ಇಳಿಸಿದರೆ ತಗಡಿನ ತೂಕ ನೇರವಾಗಿ ಪ್ರತಿಶತ 10 ಇಳಿಯುತ್ತದೆ. ಆಕಾರದಿಂದ ಎಂದೂ ಸಿಗದ ಉಳಿತಾಯವದು. ಆದರೆ ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಕುಸಿಯುವುದರಿಂದ ಅದು ಪ್ರತಿಶತ 27ರಷ್ಟು ಕಡಿಮೆಯಾಗುತ್ತದೆ. ಗೋಡೆಯ ಸುತ್ತ ಬಳೆಗಳಂತೆ ಕಾಣುವ ಏಣುಗಳನ್ನು ಒತ್ತುವುದು ಈ ಕೊರತೆಯನ್ನು ತುಂಬಲು. ಏಣುಗಳಿಂದ ಪಕ್ಕದ ಬಲ ಬರುತ್ತದೆ, ಮೇಲಿನಿಂದ ಬರುವ ಭಾರ ತಡೆಯುವ ಬಲ ಮಾತ್ರ ಕುಗ್ಗುತ್ತದೆ, ಏಕೆಂದರೆ ಗೋಡೆ ಅಲ್ಲಿ ಮಡಿಕೆ ಹಾಕಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಗೋದಾಮಿನಲ್ಲಿ ಎಷ್ಟು ಎತ್ತರ ಪೇರಿಸುತ್ತಾರೆ ಎಂಬುದನ್ನು ಕೇಳಿಕೊಂಡೇ ಏಣಿನ ಆಳ ನಿರ್ಧರಿಸಬೇಕು. ವ್ಯಾಸ ಹೆಚ್ಚಿದಷ್ಟೂ, ಏಣಿಲ್ಲದ ಗೋಡೆ ಉದ್ದವಾದಷ್ಟೂ ಕುಸಿತ ಸುಲಭ. 3.1 ಕಿಲೋ ಡಬ್ಬಿಯ ಗೋಡೆಯಲ್ಲಿ ಏಣುಗಳು ಎದ್ದು ಕಾಣುವುದು ಅದಕ್ಕೇ.

ಕೊನೆಯದಾಗಿ ಆ 99 ಮಿಲಿಮೀಟರಿನ ವಿಷಯ. ನಮ್ಮ ಒಂದು ಲೀಟರ್ ಡಬ್ಬಿಗೆ ಮಡಿಕೆಯನ್ನೂ ಸರಿಸಿದ ಸಾಲುಗಳನ್ನೂ ಸೇರಿಸಿ ಲೆಕ್ಕ ಮಾಡಿದರೆ ಉತ್ತಮ ವ್ಯಾಸ 9.9 ಸೆಂಟಿಮೀಟರ್ ಬರುತ್ತದೆ, ಹಾಳೆ 646 ಚದರ ಸೆಂಟಿಮೀಟರ್. ನನ್ನ ಊಹೆಯ ಅಂಕಿಗಳು ಸ್ವಲ್ಪ ಬದಲಾದರೆ ಉತ್ತರವೂ ಬದಲಾಗುತ್ತದೆ, ಆದ್ದರಿಂದ ಈ ಹೊಂದಾಣಿಕೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವ್ಯಾಸವನ್ನು ಹಿಡಿದು ನಿಲ್ಲಿಸುವ ನಿಜವಾದ ಕಾರಣ ಅಚ್ಚುಗಳು. ವ್ಯಾಸ ಬದಲಾದರೆ ತಟ್ಟೆ ಕತ್ತರಿಸುವ ಅಚ್ಚು, ಅಂಚು ಸುತ್ತುವ ಯಂತ್ರ, ಮಡಿಕೆ ಒತ್ತುವ ಉರುಳೆಗಳು, ತುಂಬುವವರ ಕಾರ್ಖಾನೆಯ ಮುಚ್ಚುವ ಯಂತ್ರ, ಎಲ್ಲವೂ ಬದಲಾಗಬೇಕು. ಎತ್ತರ ಬದಲಾದರೆ ಗೋಡೆಯ ತುಂಡನ್ನು ಬೇರೆ ಅಳತೆಗೆ ಕತ್ತರಿಸಿ, ಯಂತ್ರವನ್ನು ಏರಿಸಿ ಇಳಿಸಿದರೆ ಸಾಕು. ಹಾಗಾಗಿ ಉದ್ದಿಮೆಯಲ್ಲಿ ಕೆಲವೇ ವ್ಯಾಸಗಳಿವೆ, ಒಂದೊಂದು ವ್ಯಾಸಕ್ಕೆ ಹಲವು ಎತ್ತರಗಳಿವೆ.

ಇದು ತಗಡಿನ ದೃಷ್ಟಿಯಿಂದ ದುಬಾರಿಯಾಗಬೇಕಿತ್ತು. ಆಗದಿರುವುದು ಆ ಚಪ್ಪಟೆ ತಳದ ದೆಸೆಯಿಂದ. 99 ಮಿಲಿಮೀಟರ್ ವ್ಯಾಸವನ್ನು ಹಾಗೇ ಇಟ್ಟು ಎತ್ತರವನ್ನು ವ್ಯಾಸದ 0.7 ಪಟ್ಟಿನಿಂದ 1.5 ಪಟ್ಟಿನವರೆಗೆ ಬದಲಿಸುತ್ತ ಹೋದರೆ ಗಾತ್ರ 530 ಮಿಲಿಲೀಟರಿನಿಂದ 1140ಕ್ಕೆ ಏರುತ್ತದೆ. ಈ ಪೂರ್ತಿ ಹರವಿನಲ್ಲಿ ಮೇಲ್ಮೈ, ಆಯಾ ಗಾತ್ರಕ್ಕೆ ಸಾಧ್ಯವಿರುವ ಕನಿಷ್ಠಕ್ಕಿಂತ ಪ್ರತಿಶತ 2ರ ಆಚೆ ಎಲ್ಲೂ ಹೋಗುವುದಿಲ್ಲ. ಮೂಲೆಗಳನ್ನೂ ಮಡಿಕೆಯನ್ನೂ ಎಣಿಸಿದರೆ ಹರವು ಇನ್ನಷ್ಟು ಉದ್ದ ಡಬ್ಬಿಗಳ ಕಡೆ ಸರಿಯುತ್ತದೆ, ಅಗಲ ಅಷ್ಟೇ ಉಳಿಯುತ್ತದೆ. ಅರ್ಧ ಲೀಟರಿನಿಂದ ಒಂದು ಲೀಟರಿನ ಆಚೆಯವರೆಗೆ ಒಂದೇ ಮುಚ್ಚಳ, ಒಂದೇ ಅಚ್ಚು, ಒಂದೇ ಮಡಿಕೆ ಯಂತ್ರ. ಗಾತ್ರ ಇದಕ್ಕಿಂತ ಬಹಳ ಮೇಲೆ ಹೋದಾಗಲೇ 153ರ ವ್ಯಾಸಕ್ಕೆ ಹಾರಬೇಕಾಗುತ್ತದೆ.